ಹದಿನೆಂಟು ತುಂಬಿದ ಮಗಳ ಖಾತೆಗೆ ಯಾರ ಸಹಿ? ಕಲಬುರಗಿ ಜಿಲ್ಲೆಯ ಬ್ಯಾಂಕ್ ಅಧಿಕಾರಿಗಳಿಗೆ ಬಹಿರಂಗ ಪತ್ರ

ಇವರಿಗೆ,
ಲೀಡ್ ಬ್ಯಾಂಕ್ ಜಿಲ್ಲಾ ವ್ಯವಸ್ಥಾಪಕರು, ಕಲಬುರಗಿ
ಜಿಲ್ಲೆಯ ಎಲ್ಲ ಬ್ಯಾಂಕ್ ಶಾಖೆಗಳ ವ್ಯವಸ್ಥಾಪಕರು
ಪದವಿಪೂರ್ವ ಕಾಲೇಜುಗಳ ಪ್ರಾಂಶುಪಾಲರು ಮತ್ತು ಪಾಲಕರ ಗಮನಕ್ಕೆ

ಮಾನ್ಯರೇ,

ಪ್ರತಿ ವರ್ಷ ಸಿಇಟಿ ಸೀಟು ಹಂಚಿಕೆಯ ಹೊತ್ತಿಗೆ ನಮ್ಮ ಜಿಲ್ಲೆಯ ಶಾಖೆಗಳ ಕೌಂಟರಿನಲ್ಲಿ ಒಂದು ಮಾತು ಕೇಳಿಬರುತ್ತದೆ: "ರೊಕ್ಕ ನಮ್ದೇ ಅದ, ಆದ್ರ ತೆಗೀಲಾಕ ಬರಂಗಿಲ್ಲ ಅಂತಾರ್ರೀ." ಹೀಗೆ ಹೇಳುವವರು ಹೆಚ್ಚಾಗಿ ದ್ವಿತೀಯ ಪಿಯುಸಿ ಮುಗಿಸಿದ ಮಕ್ಕಳ ತಾಯಿ-ತಂದೆಯರು. ಖಾತೆಯಲ್ಲಿ ಹಣ ಇರುತ್ತದೆ, ವಿದ್ಯಾರ್ಥಿವೇತನ ಜಮಾ ಆಗುತ್ತಲೇ ಇರುತ್ತದೆ. ಕಾಲೇಜು ಶುಲ್ಕ ಕಟ್ಟಲು ಹೋದಾಗ ಮಾತ್ರ ವರ್ಗಾವಣೆ ಬೀಳುವುದಿಲ್ಲ. ಸರ್ವರ್ ಡೌನ್ ಇರಬೇಕೆಂದು ಒಂದು ದಿನ ಕಾಯುತ್ತಾರೆ, ಹೆಬ್ಬೆಟ್ಟು ಹೊಂದುತ್ತಿಲ್ಲವೆಂದು ಬ್ಯಾಂಕ್ ಮಿತ್ರರ ಬಳಿ ಮತ್ತೆ ಮತ್ತೆ ಒತ್ತಿಸುತ್ತಾರೆ. ಅಷ್ಟರಲ್ಲಿ ಶುಲ್ಕ ಕಟ್ಟುವ ಗಡುವು ಹತ್ತಿರ ಬಂದಿರುತ್ತದೆ.

ಹೀಗೆ ಯಾಕೆ ಆಗುತ್ತದೆ, ಅದನ್ನು ಎಷ್ಟು ಸುಲಭವಾಗಿ ತಡೆಯಬಹುದು ಎನ್ನುವುದನ್ನು ಒಂದು ಉದಾಹರಣೆಯ ಮೂಲಕ ಹೇಳುತ್ತೇವೆ. ಕುಟುಂಬ ಕಲ್ಪಿತ. ಆದರೆ ಇದರಲ್ಲಿ ಬರುವ ಒಂದೊಂದು ತೊಡಕೂ ಶಾಖೆಯಲ್ಲಿ ಕೆಲಸ ಮಾಡಿದವರಿಗೆ ಗುರುತು ಸಿಗುವಂಥದ್ದು.

ಸೇಡಂ ತಾಲೂಕಿನ ಒಬ್ಬ ವಿದ್ಯಾರ್ಥಿನಿ ಎಂದುಕೊಳ್ಳಿ. ಹುಟ್ಟಿದ್ದು 2008ರ ಜೂನ್ 12ರಂದು. 2016ರಲ್ಲಿ, ಪ್ರಾಥಮಿಕ ಶಾಲೆಯಲ್ಲಿದ್ದಾಗ, ವಿದ್ಯಾರ್ಥಿವೇತನಕ್ಕಾಗಿ ಅವಳ ಹೆಸರಿನಲ್ಲಿ ಖಾತೆ ತೆರೆದರು. ಪಾಲಕರ ಜಾಗದಲ್ಲಿ ತಂದೆಯ ಸಹಿ, ಖಾತೆಗೆ ಜೋಡಿಸಿದ್ದು ತಂದೆಯ ಮೊಬೈಲ್. ಈಗ ಖಾತೆಯಲ್ಲಿ ₹41,300 ಇದೆ. ಸೀಟು ಸಿಕ್ಕಿದೆ, ₹28,000 ಕಟ್ಟಬೇಕು. ತಂದೆ ಪುಣೆಯಲ್ಲಿ ಕಟ್ಟಡದ ಕೆಲಸದಲ್ಲಿದ್ದಾರೆ. 2026ರ ಜೂನ್ 12ಕ್ಕೆ ಹುಡುಗಿಗೆ ಹದಿನೆಂಟು ತುಂಬಿದೆ. ಶುಲ್ಕದ ಗಡುವು ಬಂದಿದ್ದು ಅದಾದ ಮೇಲೆ.

ಜೂನ್ 11ರವರೆಗೆ ಈ ಖಾತೆಯಿಂದ ಹಣ ತೆಗೆಯುವ ಅಧಿಕಾರ ತಂದೆಯದು. ಆ ಅಧಿಕಾರ ಬಂದಿದ್ದು ಮಗಳು ಅಪ್ರಾಪ್ತಳು ಎಂಬ ಒಂದೇ ಕಾರಣಕ್ಕೆ. ಅವಳು ಪ್ರಾಪ್ತಳಾದ ದಿನವೇ ಅದು ಮುಗಿಯಿತು. ಮಗಳಿಗೆ ಅಧಿಕಾರವೇನೋ ಬಂತು, ಆದರೆ ಅವಳ ಮಾದರಿ ಸಹಿ ಬ್ಯಾಂಕಿನ ದಾಖಲೆಯಲ್ಲಿಲ್ಲ. ಹೀಗಾಗಿ ತಂದೆ ಸಹಿ ಮಾಡಿದ ಚೀಟಿಯನ್ನು ಕೌಂಟರಿನವರು ತೆಗೆದುಕೊಳ್ಳುವಂತಿಲ್ಲ. ಮಗಳು ಸಹಿ ಮಾಡಿದರೆ ಹೋಲಿಸಿ ನೋಡಲು ಎದುರಿಗೆ ಏನೂ ಇಲ್ಲ. ಈ ಮಧ್ಯದ ಅವಧಿಯಲ್ಲಿ ಖಾತೆಯಿಂದ ಹಣ ತೆಗೆಯಬಲ್ಲ ಸಹಿಯೇ ಇರುವುದಿಲ್ಲ. ಹಾಗಾಗಿ ವ್ಯವಸ್ಥೆ ಡೆಬಿಟ್ ತಡೆಯುತ್ತದೆ, ಜಮಾ ಮಾತ್ರ ಬಿಟ್ಟಿರುತ್ತದೆ. ಮಗುವಿನ ಹಣ ಮಗುವಿಗೇ ಸಿಗಲಿ ಎಂದು ಇರುವ ನಿಯಮ ಇದು. ನಿಯಮದ ಬಗ್ಗೆ ನಮ್ಮ ತಕರಾರಿಲ್ಲ.

ತಕರಾರು ಇರುವುದು ಬೇರೆ ಕಡೆ. ಹುಟ್ಟಿದ ದಿನಾಂಕ ಖಾತೆ ತೆರೆದ ದಿನದಿಂದಲೂ ಬ್ಯಾಂಕಿನ ಕಂಪ್ಯೂಟರಿನಲ್ಲಿದೆ. ಯಾವ ದಿನ ಡೆಬಿಟ್ ನಿಲ್ಲುತ್ತದೆಂದು ಬ್ಯಾಂಕಿಗೆ ಹತ್ತು ವರ್ಷ ಮೊದಲೇ ಗೊತ್ತು. ಆದರೂ ಮನೆಯವರಿಗೆ ತಿಳಿಯುವುದು ಶುಲ್ಕ ಕಟ್ಟಲು ಹೋದ ದಿನ. ಭಾರತೀಯ ರಿಸರ್ವ್ ಬ್ಯಾಂಕ್ 2025ರ ಏಪ್ರಿಲ್ 21ರಂದು ಅಪ್ರಾಪ್ತರ ಖಾತೆಗಳ ಕುರಿತು ಹೊರಡಿಸಿದ ಸುತ್ತೋಲೆ ಈ ವಿಷಯದಲ್ಲಿ ಸ್ಪಷ್ಟವಾಗಿದೆ. ಪ್ರಾಪ್ತ ವಯಸ್ಸಿಗೆ ಬಂದಾಗ ಖಾತೆಯನ್ನು ಯಾರ ಸಹಿಯಿಂದ ನಡೆಸಬೇಕೆಂಬ ಹೊಸ ನಿರ್ವಹಣಾ ಸೂಚನೆ ಮತ್ತು ಮಾದರಿ ಸಹಿ ಪಡೆಯಬೇಕು, ಪಾಲಕರು ನಿರ್ವಹಿಸುತ್ತಿದ್ದ ಖಾತೆಯಾದರೆ ಖಾತೆಯಲ್ಲಿರುವ ಮೊತ್ತವನ್ನು ದೃಢಪಡಿಸಿಕೊಳ್ಳಬೇಕು. ಇದೆಲ್ಲ ಬೇಕಾಗುತ್ತದೆಂದು ಖಾತೆದಾರರಿಗೆ ತಿಳಿಸುವುದೂ ಸೇರಿ, ಬ್ಯಾಂಕುಗಳು ಮುಂಗಡವಾಗಿಯೇ ಕ್ರಮ ತೆಗೆದುಕೊಳ್ಳಬೇಕು ಎನ್ನುತ್ತದೆ ಆ ಸುತ್ತೋಲೆ. ತಮ್ಮ ನೀತಿಗಳನ್ನು ಇದಕ್ಕೆ ಹೊಂದಿಸಿಕೊಳ್ಳಲು ಬ್ಯಾಂಕುಗಳಿಗೆ 2025ರ ಜುಲೈ 1ರವರೆಗೆ ಕಾಲ ಕೊಡಲಾಗಿತ್ತು. ಅಂದರೆ ಮೊದಲೇ ತಿಳಿಸುವುದು ಶಾಖೆಯವರ ಒಳ್ಳೆಯತನಕ್ಕೆ ಬಿಟ್ಟ ವಿಷಯವಲ್ಲ.

ಈಗ ಆ ಹುಡುಗಿಯ ಮನೆಯಲ್ಲಿ ಏನಾಗುತ್ತದೆ ನೋಡೋಣ. ಮೊದಲ ಪ್ರಯತ್ನ ತಂದೆಯ ಫೋನಿನಿಂದ. ಆ್ಯಪ್ ವರ್ಗಾವಣೆ ವಿಫಲ ಎನ್ನುತ್ತದೆ. ಕೆಲವು ಆ್ಯಪ್‌ಗಳು ಕಾರಣದ ಸಂಕೇತವನ್ನೂ ತೋರಿಸುತ್ತವೆ. `YE` ಬಂದರೆ ಕಳಿಸುವವರ ಖಾತೆಗೆ ತಡೆ ಇದೆ ಎಂದರ್ಥ. `Z8` ಬಂದರೆ ಬ್ಯಾಂಕು ಇಟ್ಟ ಮೊತ್ತದ ಮಿತಿ ಮೀರಿದೆ ಎಂದರ್ಥ. ಇವೆರಡೂ ಬೇರೆ ಬೇರೆ ರೋಗ, ಮದ್ದೂ ಬೇರೆ. ಸಂಕೇತ ಕಾಣದಿದ್ದರೆ ಪತ್ತೆಗೆ ಒಂದು ಸರಳ ದಾರಿ ಇದೆ: ₹10 ಕಳಿಸಿ ನೋಡುವುದು. ಹತ್ತು ರೂಪಾಯಿ ಹೋಗಿ ₹28,000 ಹೋಗದಿದ್ದರೆ ಅದು ಮಿತಿಯ ಸಮಸ್ಯೆ. ಖಾತೆಯಲ್ಲಿ ಹಣ ಇದ್ದೂ, ನೆಟ್‌ವರ್ಕ್ ಸರಿಯಿದ್ದೂ ಹತ್ತು ರೂಪಾಯಿಯೂ ಹೋಗದಿದ್ದರೆ ಖಾತೆಯ ಡೆಬಿಟ್ಟೇ ನಿಂತಿರುವ ಸಾಧ್ಯತೆ ಹೆಚ್ಚು. ಆಗ ಹಣ ಖಾತೆಯಿಂದ ಕಡಿತವೇ ಆಗಿರುವುದಿಲ್ಲ. ವಾಪಸು ಬರಲಿ ಎಂದು ಕಾಯುತ್ತ ಕೂತರೆ ದಿನ ಕಳೆಯುತ್ತದೆ, ಅಷ್ಟೇ. ಬ್ಯಾಂಕ್ ಮಿತ್ರರ ಯಂತ್ರವೂ ಅದೇ ಖಾತೆಯಿಂದ ಹಣ ತೆಗೆಯಬೇಕಾದ್ದರಿಂದ ಅಲ್ಲಿ ಹೆಬ್ಬೆಟ್ಟು ಹತ್ತು ಸಲ ಒತ್ತಿದರೂ ಫಲವಿಲ್ಲ.

ಪಕ್ಕದ ಮನೆಯ ಹುಡುಗನಿಗೂ ಹದಿನೆಂಟಾಯಿತು, ಅವನ ಖಾತೆ ನಡೆಯುತ್ತಿದೆಯಲ್ಲ ಎಂದು ಹಲವರು ಕೇಳುತ್ತಾರೆ. ಕೆಲವು ಬ್ಯಾಂಕುಗಳಲ್ಲಿ ಹುಟ್ಟುಹಬ್ಬದ ದಿನ ತಡೆ ತಾನಾಗಿ ಬೀಳುತ್ತದೆ, ಇನ್ನು ಕೆಲವೆಡೆ ಸಿಬ್ಬಂದಿ ಕಣ್ಣಿಗೆ ಬಿದ್ದಾಗ ಹಾಕುತ್ತಾರೆ. ಎರಡನೆಯ ಬಗೆಯ ಖಾತೆ ಇಂದು ನಡೆದು ನಾಳೆ ನಿಲ್ಲಬಹುದು. ಅದನ್ನು ನಂಬಿ ಸುಮ್ಮನಿರಬಾರದು.

ಮಕ್ಕಳ ಖಾತೆಯಲ್ಲಿ ಇನ್ನೊಂದು ಬಗೆಯೂ ಇದೆ. ಹತ್ತು ವರ್ಷ ತುಂಬಿದ ಮಕ್ಕಳು ತಾವೇ ಸಹಿ ಮಾಡಿ ನಡೆಸುವ ಖಾತೆ ಅದು. ಅಲ್ಲಿ ಸಹಿ ಮೊದಲೇ ದಾಖಲಾಗಿರುತ್ತದೆ, ಆದರೆ ಮಿತಿ ಬಿಗಿಯಾಗಿರುತ್ತದೆ. ಮಿತಿ ಎಷ್ಟೆಂಬುದನ್ನು ಆಯಾ ಬ್ಯಾಂಕು ನಿಗದಿ ಮಾಡುತ್ತದೆ. ಮೊಬೈಲಿನಿಂದ ದಿನಕ್ಕೆ ₹2,000, ಕಾರ್ಡಿನಿಂದ ₹5,000 ಎಂಬಂಥ ಮಿತಿಗಳಿರುವ ಖಾತೆಗಳಿವೆ. ಅಂಥ ಖಾತೆಯಿಂದ ₹28,000 ಹೋಗುವುದಿಲ್ಲ. ತುಂಡು ತುಂಡಾಗಿ ಕಳಿಸೋಣವೆಂದರೂ ಆಗದು, ಏಕೆಂದರೆ ಮಿತಿ ಇಡೀ ದಿನದ ಒಟ್ಟು ಮೊತ್ತಕ್ಕೆ. ದಿನಕ್ಕೆ ₹2,000ದಂತೆ ಕಳಿಸಿದರೆ ಹದಿನಾಲ್ಕು ದಿನ ಬೇಕು, ಶುಲ್ಕದ ಗಡುವು ಅಷ್ಟು ದಿನ ಇರುವುದಿಲ್ಲ. ಇಂಥವರು ಶಾಖೆಗೆ ಹೋಗಿ ಕೌಂಟರಿನಿಂದ ನೆಫ್ಟ್ ಅಥವಾ ಡಿಡಿ ಮಾಡಿಸಲು ಬರುತ್ತದೆಯೇ ಎಂದು ಕೇಳಬೇಕು. ಹದಿನೆಂಟು ತುಂಬಿದ್ದರೆ ಖಾತೆಯನ್ನೇ ಸಾಮಾನ್ಯ ಉಳಿತಾಯ ಖಾತೆಯಾಗಿ ಬದಲಿಸಿಕೊಳ್ಳುವುದು ಲೇಸು.

ನಮ್ಮ ಸೇಡಂ ಹುಡುಗಿಯ ತಾಯಿ ಈಗ ಎರಡನೆಯ ದಾರಿ ಹುಡುಕುತ್ತಾರೆ. ತೊಗರಿ ಮಾರಿದ ಹಣ ಗಂಡ-ಹೆಂಡತಿ ಇಬ್ಬರ ಹೆಸರಿನ ಜಂಟಿ ಖಾತೆಯಲ್ಲಿದೆ. ಅಲ್ಲಿಂದ ಕಟ್ಟೋಣವೆಂದು ಹೋದರೆ ಅಲ್ಲಿಯೂ ತಡೆ. ಖಾತೆ ತೆರೆದ ದಿನ ಅರ್ಜಿಯಲ್ಲಿ 'ಮೋಡ್ ಆಫ್ ಆಪರೇಷನ್' ಎಂಬ ಸಾಲಿನಲ್ಲಿ 'ಜಾಯಿಂಟ್ಲಿ' ಎಂಬಲ್ಲಿ ಗುರುತು ಹಾಕಲಾಗಿತ್ತು. ಹಾಗೆ ಗುರುತು ಹಾಕಿದರೆ ಒಂದೊಂದು ಚೀಟಿಗೂ ಒಂದೊಂದು ಚೆಕ್ಕಿಗೂ ಇಬ್ಬರ ಸಹಿಯೂ ಬೇಕು. ಯುಪಿಐ ನಡೆಯುವುದು ಒಬ್ಬರ ಪಿನ್ ಮೇಲೆ. ಇಬ್ಬರ ಒಪ್ಪಿಗೆ ಬೇಕಾದ ಖಾತೆಗೆ ಅದು ಹೊಂದುವುದಿಲ್ಲ, ಆದ್ದರಿಂದ ಇಂಥ ಖಾತೆಗೆ ಸಾಮಾನ್ಯವಾಗಿ ಯುಪಿಐ ಆಗಲಿ ಎಟಿಎಂ ಕಾರ್ಡಾಗಲಿ ಸಿಗುವುದಿಲ್ಲ. 'ಈದರ್ ಆರ್ ಸರ್ವೈವರ್' ಎಂದಿದ್ದರೆ ಇಬ್ಬರಲ್ಲಿ ಯಾರೊಬ್ಬರ ಸಹಿಯೂ ಸಾಕು. 'ಫಾರ್ಮರ್ ಆರ್ ಸರ್ವೈವರ್' ಎಂದಿದ್ದರೆ ಮೊದಲ ಹೆಸರಿನವರು ಇರುವವರೆಗೆ ಅವರದೇ ಸಹಿ ನಡೆಯುತ್ತದೆ, ಎರಡನೆಯವರಿಗೆ ಅಧಿಕಾರ ಬರುವುದು ಅವರ ನಂತರ. ಪಾಸ್‌ಬುಕ್ಕಿನ ಮೇಲೆ ಇಬ್ಬರ ಹೆಸರೂ ಒಂದೇ ಗಾತ್ರದಲ್ಲಿ ಅಚ್ಚಾಗಿರುತ್ತದೆ. ಅದನ್ನು ನೋಡಿ ಇಬ್ಬರಿಗೂ ಸಮಾನ ಅಧಿಕಾರ ಇದೆ ಎಂದುಕೊಳ್ಳುವ ಹೆಣ್ಣುಮಕ್ಕಳು ನಮ್ಮಲ್ಲಿ ಬಹಳ. ಅವರಿಗೆ ಈ ಒಂದು ಸಾಲಿನ ಅರ್ಥವನ್ನು ಖಾತೆ ತೆರೆಯುವ ದಿನವೇ ಕನ್ನಡದಲ್ಲಿ ಬಿಡಿಸಿ ಹೇಳದಿರುವುದು ಅನ್ಯಾಯ ಎಂದೇ ನಮ್ಮ ಅಭಿಪ್ರಾಯ.

ತಾಯಿ ಒಬ್ಬರೇ ಸಹಿ ಮಾಡಿ ಚೆಕ್ ಕೊಟ್ಟರೆ ಅದು ಕ್ಲಿಯರಿಂಗ್‌ನಿಂದ ಮರಳುತ್ತದೆ. ಮರಳಿಸುವ ಚೀಟಿಯಲ್ಲಿ ಕಾರಣದ ಸಂಖ್ಯೆ ಇರುತ್ತದೆ: 13 ಎಂದಿದ್ದರೆ ಬೇಕಾದ ಸಹಿ ಇಲ್ಲ, 14 ಎಂದಿದ್ದರೆ ಸಹಿ ನಿರ್ವಹಣಾ ಸೂಚನೆಗೆ ಅನುಗುಣವಾಗಿಲ್ಲ. 12 ಬೇರೆಯೇ ವಿಷಯ, ಅದು ಸಹಿ ಹೋಲುವುದಿಲ್ಲ ಎನ್ನುವುದಕ್ಕೆ. ಮೊದಲ ಎರಡರಲ್ಲಿ ಎಷ್ಟು ಚೆನ್ನಾಗಿ ಸಹಿ ಮಾಡಿದರೂ ಉಪಯೋಗವಿಲ್ಲ, ಇನ್ನೊಬ್ಬರ ಸಹಿ ಬೀಳಲೇಬೇಕು.

ತಂದೆ ಪುಣೆಯಿಂದ ಬರಲು ಸಾಧ್ಯವಿಲ್ಲದಿದ್ದರೆ ಈ ಜಂಟಿ ಖಾತೆಗೆ ಇರುವ ದಾರಿ ಚೆಕ್ಕೇ. ತಾಯಿ ಚೆಕ್ಕಿನಲ್ಲಿ ಹಣ ಪಡೆಯುವ ಕಾಲೇಜಿನ ಹೆಸರು, ದಿನಾಂಕ, ಮೊತ್ತ ಎಲ್ಲವನ್ನೂ ತುಂಬಿ, ಎಡಗಡೆಯ ಮೂಲೆಯಲ್ಲಿ ಎರಡು ಗೆರೆ ಎಳೆದು 'ಅಕೌಂಟ್ ಪೇಯೀ' ಎಂದು ಬರೆದು, ತಮ್ಮ ಸಹಿ ಮಾಡಿ ಸ್ಪೀಡ್ ಪೋಸ್ಟಿನಲ್ಲಿ ಕಳಿಸಬೇಕು. ತಂದೆ ಸಹಿ ಮಾಡಿ ಮರಳಿ ಕಳಿಸಬೇಕು. ಚೆಕ್ಕಿನ ಆಯುಷ್ಯ ಅದರ ಮೇಲಿನ ದಿನಾಂಕದಿಂದ ಮೂರು ತಿಂಗಳು, ಆದ್ದರಿಂದ ಅಂಚೆಯ ಹೊತ್ತಿಗೆ ತೊಂದರೆ ಇಲ್ಲ. ಖಾಲಿ ಚೆಕ್ಕಿಗೆ ಸಹಿ ಮಾಡಿ ಕಳಿಸುವುದು ಮಾತ್ರ ಬೇಡವೇ ಬೇಡ. ಕಾಲೇಜು ಚೆಕ್ ತೆಗೆದುಕೊಳ್ಳದೆ ಆನ್‌ಲೈನ್ ಶುಲ್ಕವನ್ನೇ ಕೇಳಿದರೆ ಅದೇ ರೀತಿ ಇಬ್ಬರ ಸಹಿಯ ಚೆಕ್ಕನ್ನು ತಾಯಿಯ ಸ್ವಂತ ಖಾತೆಗೆ ಹಾಕಿ ಅಲ್ಲಿಂದ ಕಟ್ಟಬಹುದು. ನಿರ್ವಹಣಾ ಸೂಚನೆಯನ್ನು 'ಈದರ್ ಆರ್ ಸರ್ವೈವರ್' ಎಂದು ಬದಲಿಸಲೂ ಬರುತ್ತದೆ, ಆದರೆ ಆ ಅರ್ಜಿಗೂ ಇಬ್ಬರ ಸಹಿ ಬೇಕು. ಹಬ್ಬಕ್ಕೆ ತಂದೆ ಊರಿಗೆ ಬಂದಾಗ ಮಾಡಿಸಿಕೊಳ್ಳಬೇಕಾದ ಕೆಲಸ ಅದು.

ಮಗಳ ಖಾತೆಗೇ ಮರಳೋಣ, ಏಕೆಂದರೆ ಅದನ್ನು ಸರಿಪಡಿಸುವುದೇ ಹತ್ತಿರದ ದಾರಿ. ಹುಡುಗಿ ತನ್ನ ಮೂಲ ಶಾಖೆಗೆ ತಾನೇ ಹೋಗಬೇಕು. ಆಧಾರ್, ಪ್ಯಾನ್ ಕಾರ್ಡ್, ಇತ್ತೀಚಿನ ಎರಡು ಫೋಟೊ, ಹಳೆಯ ಪಾಸ್‌ಬುಕ್ ಒಯ್ಯಬೇಕು. ಪ್ಯಾನ್ ಇಲ್ಲದವರು ಫಾರ್ಮ್ 60 ಎಂದು ಎಲ್ಲರೂ ಕರೆಯುವ ಘೋಷಣೆಯನ್ನು ಅಲ್ಲಿಯೇ ತುಂಬಿಕೊಡಬಹುದು. ಪ್ಯಾನ್ ಬರಲಿ ಎಂದು ವಾರಗಟ್ಟಲೆ ಕಾಯುವ ಅಗತ್ಯವಿಲ್ಲ. ಚಿಕ್ಕವರಿದ್ದಾಗ ಮಾಡಿಸಿದ ಪ್ಯಾನ್ ಕಾರ್ಡಿನಲ್ಲಿ ಫೋಟೊ, ಸಹಿ ಇರುವುದಿಲ್ಲ. ಸಂಖ್ಯೆ ಅದೇ ಮುಂದುವರಿಯುತ್ತದೆ, ಗುರುತಿಗೆ ಆಧಾರ್ ಇದೆ. ಶಾಖೆಯಲ್ಲಿ ಹೊಸದಾಗಿ ಗ್ರಾಹಕರ ವಿವರದ ಅರ್ಜಿ ತುಂಬಿ, ಮಾದರಿ ಸಹಿ ಮಾಡಿ, ಇಂದಿಗೆ ಖಾತೆಯಲ್ಲಿ ₹41,300 ಇರುವುದು ಸರಿ ಎಂದು ಬರೆದುಕೊಡಬೇಕು. ಸಹಿಯ ಬಗ್ಗೆ ಒಂದು ಮಾತು: ಮುಂದೆ ಎಲ್ಲ ಕಡೆ ಯಾವ ಸಹಿ ಮಾಡುವಿರೋ ಅದನ್ನೇ ಮಾಡಿ. ಅರ್ಜಿಯಲ್ಲಿ ಕನ್ನಡ, ಚೆಕ್ಕಿನಲ್ಲಿ ಇಂಗ್ಲಿಷ್ ಆದರೆ ಮೇಲೆ ಹೇಳಿದ 12ನೇ ಕಾರಣ ಕಾದಿರುತ್ತದೆ.

ಹಲವು ಶಾಖೆಗಳ ನಮೂನೆಯಲ್ಲಿ ಮಗಳ ಸಹಿಯನ್ನು ಪಾಲಕರು ದೃಢೀಕರಿಸುವ ಒಂದು ಜಾಗ ಇರುತ್ತದೆ. ತಂದೆ ದುಡಿಯಲು ಹೋದ ಊರಲ್ಲಿದ್ದಾರೆ ಅಥವಾ ತೀರಿಕೊಂಡಿದ್ದಾರೆ ಎಂದಾಗ ಆ ಖಾಲಿ ಜಾಗವನ್ನು ತೋರಿಸಿ ಅರ್ಜಿಯನ್ನೇ ಮರಳಿಸುವುದುಂಟು. ವ್ಯವಸ್ಥಾಪಕರಲ್ಲಿ ನಮ್ಮ ವಿನಂತಿ: 2025ರ ಸುತ್ತೋಲೆ ಕೇಳುವುದು ಹೊಸ ಸೂಚನೆ, ಮಾದರಿ ಸಹಿ, ಖಾತೆಯಲ್ಲಿರುವ ಮೊತ್ತದ ದೃಢೀಕರಣ. ಖಾತೆದಾರಳು ಎದುರಿಗೇ ನಿಂತಿದ್ದಾಳೆ, ಆಧಾರ್‌ನಿಂದ ಅವಳ ಗುರುತು ಖಚಿತವಾಗುತ್ತದೆ. ಪಾಲಕರ ಸಹಿ ಸಿಗದ ಕಾರಣಕ್ಕೆ ಪ್ರಾಪ್ತ ವಯಸ್ಕಳೊಬ್ಬಳ ಹಣ ತಡೆಯಬೇಡಿ.

ಶಾಖೆಯ ಒಳಗೂ ಒಂದು ಕಡೆ ಎಡವುವುದುಂಟು, ಇದನ್ನು ಸಿಬ್ಬಂದಿ ಗಮನಿಸಬೇಕು. ಕಂಪ್ಯೂಟರಿನಲ್ಲಿ ಗ್ರಾಹಕಳ ದಾಖಲೆ ಬೇರೆ, ಖಾತೆಯ ದಾಖಲೆ ಬೇರೆ. ಗ್ರಾಹಕಳ ದಾಖಲೆಯಲ್ಲಿ ಕೆವೈಸಿ ಹೊಸದಾಗಿ ಸೇರಿಸಿ 'ಅಪ್ರಾಪ್ತ' ಗುರುತನ್ನು ತೆಗೆದು, ಖಾತೆಯ ದಾಖಲೆಯಲ್ಲಿ ಪಾಲಕರ ಹೆಸರು ಮತ್ತು ಹಳೆಯ ನಿರ್ವಹಣಾ ವಿಧಾನವನ್ನು ಹಾಗೇ ಬಿಟ್ಟರೆ ಡೆಬಿಟ್ ಮತ್ತೆ ನಿಲ್ಲಬಹುದು. ಮಾದರಿ ಸಹಿಯನ್ನು ಸ್ಕ್ಯಾನ್ ಮಾಡದೆ ಕಡತದಲ್ಲಿ ಇಟ್ಟುಬಿಟ್ಟರೆ ಬೇರೆ ಶಾಖೆಯ ಕೌಂಟರಿನಲ್ಲಿ ಸಹಿ ಕಾಣುವುದೇ ಇಲ್ಲ. ಮೊಬೈಲ್ ಸಂಖ್ಯೆ ತಂದೆಯದೇ ಉಳಿದರೆ ಮಗಳ ಫೋನಿನಲ್ಲಿ ಯುಪಿಐ ನೋಂದಣಿ ಆಗುವುದಿಲ್ಲ, ಏಕೆಂದರೆ ಬ್ಯಾಂಕಿನಲ್ಲಿರುವ ಸಂಖ್ಯೆಯ ಸಿಮ್ ಅದೇ ಫೋನಿನಲ್ಲಿರಬೇಕು. ಆದ್ದರಿಂದ ಹುಡುಗಿಯನ್ನು ಮನೆಗೆ ಕಳಿಸುವ ಮೊದಲು ಕೌಂಟರಿನಲ್ಲೇ ಒಂದು ಚಿಕ್ಕ ಮೊತ್ತ ತೆಗೆಸಿ ನೋಡಿ. ₹100 ಹೊರಬಂದರೆ ಕೆಲಸ ಮುಗಿದಿದೆ ಎಂದು ಇಬ್ಬರಿಗೂ ಗೊತ್ತಾಗುತ್ತದೆ.

ಇಷ್ಟಾದ ಮೇಲೂ ಒಂದು ತೊಡಕು ಉಳಿಯುತ್ತದೆ. ಹೊಸದಾಗಿ ಯುಪಿಐ ನೋಂದಣಿ ಮಾಡಿದವರಿಗೆ ಮೊದಲ 24 ಗಂಟೆ ₹5,000ದ ಮಿತಿ ಇರುತ್ತದೆ. ಖಾತೆ ಸರಿಹೋಯಿತೆಂದು ಅದೇ ಸಂಜೆ ₹28,000 ಕಳಿಸಲು ಹೋದರೆ ಮತ್ತೆ ವಿಫಲವಾಗುತ್ತದೆ, ಶಾಖೆಯವರು ಸರಿಯಾಗಿ ಮಾಡಿಲ್ಲವೆಂದು ಮನೆಯವರು ಸಿಟ್ಟಾಗುತ್ತಾರೆ. ಗಡುವು ಮರುದಿನವೇ ಇದ್ದರೆ ಯುಪಿಐ ನೆಚ್ಚಬೇಡಿ. ಶುಲ್ಕ ಕಟ್ಟುವ ಚಲನ್ ಮುದ್ರಿಸಿಕೊಂಡು ಹೋಗಿ, ಸಹಿ ದಾಖಲಾದ ಕೂಡಲೇ ಕೌಂಟರಿನಲ್ಲಿ ನೆಫ್ಟ್ ಮಾಡಿಸಿ, ಆ ವರ್ಗಾವಣೆಯ ಗುರುತಾದ ಯುಟಿಆರ್ ಸಂಖ್ಯೆ ಬರೆಸಿಕೊಳ್ಳಿ. ಎರಡನೆಯ ಮತ್ತು ನಾಲ್ಕನೆಯ ಶನಿವಾರ ಶಾಖೆ ಇರುವುದಿಲ್ಲ ಎನ್ನುವುದೂ ಲೆಕ್ಕದಲ್ಲಿರಲಿ.

ತಡೆ ಬಿದ್ದ ಗಾಬರಿಯಲ್ಲಿ ಬೇರೆ ಬ್ಯಾಂಕಿನಲ್ಲಿ ಹೊಸ ಖಾತೆ ತೆರೆಯುವವರಿದ್ದಾರೆ. ಹೊಸ ಖಾತೆ ತೆರೆದರೆ ಹಳೆಯದರ ₹41,300 ಹೊರಬರುವುದಿಲ್ಲ. ಜೊತೆಗೆ ಆಧಾರ್ ಜೋಡಣೆಯನ್ನೂ ಹೊಸದಕ್ಕೆ ಬದಲಿಸಿದರೆ ಮುಂದಿನ ವಿದ್ಯಾರ್ಥಿವೇತನ ಅಲ್ಲಿಗೆ ಹೋಗುತ್ತದೆ, ಹಳೆಯ ಖಾತೆಯಲ್ಲಿ ಕಾಯುತ್ತ ಕೂತವರಿಗೆ ಅದು ಬಂದಿಲ್ಲವೆಂದೇ ಅನಿಸುತ್ತದೆ.

ಈಗ ನಮ್ಮ ಬೇಡಿಕೆ. ಲೀಡ್ ಬ್ಯಾಂಕ್ ವ್ಯವಸ್ಥಾಪಕರು ಜಿಲ್ಲಾ ಮಟ್ಟದ ಬ್ಯಾಂಕರುಗಳ ಸಭೆಯಲ್ಲಿ ಇದನ್ನು ಕಾರ್ಯಸೂಚಿಗೆ ಸೇರಿಸಬೇಕು. ಪ್ರತಿ ಶಾಖೆಯೂ ಮುಂದಿನ ಮೂರು ತಿಂಗಳಲ್ಲಿ ಹದಿನೆಂಟು ತುಂಬಲಿರುವ ಖಾತೆದಾರರ ಪಟ್ಟಿಯನ್ನು ತಿಂಗಳಿಗೊಮ್ಮೆ ತೆಗೆಯಬೇಕು, ದಾಖಲಾದ ಸಂಖ್ಯೆಗೆ ಕನ್ನಡದಲ್ಲಿ ಸಂದೇಶ ಕಳಿಸಬೇಕು. ಆ ಸಂದೇಶದಲ್ಲಿ ಯಾವ ದಿನ ಡೆಬಿಟ್ ನಿಲ್ಲುತ್ತದೆ, ಯಾವ ಕಾಗದ ತರಬೇಕು ಎನ್ನುವ ಎರಡು ಮಾತು ಇರಲೇಬೇಕು. ಆ ಸಂಖ್ಯೆ ದೂರದಲ್ಲಿರುವ ತಂದೆಯದಾಗಿದ್ದರೆ ಸಂದೇಶ ಮನೆ ಮುಟ್ಟದಿರಬಹುದು, ಆದ್ದರಿಂದ ಕಾಲೇಜುಗಳ ನೆರವೂ ಬೇಕು. ದ್ವಿತೀಯ ಪಿಯುಸಿ ವಿದ್ಯಾರ್ಥಿಗಳ ಹುಟ್ಟಿದ ದಿನಾಂಕ ಕಾಲೇಜಿನ ದಾಖಲಾತಿ ಪುಸ್ತಕದಲ್ಲೇ ಇದೆ. ಪ್ರಾಂಶುಪಾಲರು ಪರೀಕ್ಷೆಗೆ ಮೊದಲು, ಜನವರಿಯಲ್ಲಿ, ಹದಿನೆಂಟು ತುಂಬಿದವರನ್ನೂ ತುಂಬಲಿರುವವರನ್ನೂ ಕರೆದು ಪಾಸ್‌ಬುಕ್ ತೆಗೆಸಿ ನೋಡಿದರೆ ಸಾಕು, ಪಾಲಕರ ಹೆಸರು ಅಚ್ಚಾಗಿರುವ ಖಾತೆಗಳು ಅಲ್ಲೇ ಕಾಣುತ್ತವೆ. ಹತ್ತಿರದ ಶಾಖೆಯವರು ಒಂದು ದಿನ ಕಾಲೇಜಿಗೆ ಬಂದು ಅರ್ಜಿ, ಸಹಿ ತೆಗೆದುಕೊಳ್ಳಲಿ. ಚಿಂಚೋಳಿ, ಅಫಜಲಪುರದ ಒಳಹಳ್ಳಿಗಳಿಂದ ಒಂದು ಸಹಿಗಾಗಿ ದಿನದ ಕೂಲಿ ಬಿಟ್ಟು ಬರುವವರಿಗೆ ಅಷ್ಟು ಅನುಕೂಲ ಆಗಲೇಬೇಕು.

ಪಾಲಕರಿಗೆ ಇನ್ನೊಂದು ಮಾತು. ಕಾಗದಗಳೆಲ್ಲ ಸರಿಯಿದ್ದೂ ಶಾಖೆ ಅರ್ಜಿ ತೆಗೆದುಕೊಳ್ಳದಿದ್ದರೆ ಬಾಯಿಮಾತಿನ ಉತ್ತರ ಕೇಳಿಕೊಂಡು ಮರಳಬೇಡಿ. ಅರ್ಜಿಯ ಎರಡು ಪ್ರತಿ ಮಾಡಿ, ಒಂದರ ಮೇಲೆ ಶಾಖೆಯ ಮುದ್ರೆ ಮತ್ತು ದಿನಾಂಕ ಹಾಕಿಸಿಕೊಳ್ಳಿ. ಅದೇ ದಿನ ಬ್ಯಾಂಕಿನ ದೂರು ವಿಭಾಗಕ್ಕೆ ಲಿಖಿತ ದೂರು ಕೊಟ್ಟು ಸಂಖ್ಯೆ ಪಡೆಯಿರಿ. 30 ದಿನದಲ್ಲಿ ಉತ್ತರ ಬಾರದಿದ್ದರೆ ಅಥವಾ ಉತ್ತರ ಒಪ್ಪಿಗೆಯಾಗದಿದ್ದರೆ `cms.rbi.org.in` ತಾಣದಲ್ಲಿ ರಿಸರ್ವ್ ಬ್ಯಾಂಕಿನ ಓಂಬುಡ್ಸ್‌ಮನ್‌ಗೆ ದೂರು ಸಲ್ಲಿಸಬಹುದು, ಅದಕ್ಕೆ ಶುಲ್ಕವಿಲ್ಲ. ಮುದ್ರೆ ಬಿದ್ದ ಪ್ರತಿಯ ಫೋಟೊವನ್ನು ಆ ದೂರಿಗೆ ಲಗತ್ತಿಸಿ.

ಇಂತಿ,
ಬ್ಯಾಂಕ್ ಕೌಂಟರಿನಲ್ಲಿ ಮತ್ತು ವಿದ್ಯಾರ್ಥಿವೇತನದ ಕೆಲಸದಲ್ಲಿ ದುಡಿದ ಕೆಲವರು
ಕಲಬುರಗಿ